ಹಿಮ್ಮಡಿಯಿಂದ ಬೆನ್ನಿಗೆ: ಹುಡುಗ ಉದ್ದವಾಗುವ ವರ್ಷ

ಡಿಸೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಆ ಹುಡುಗ ಎರಡು ಓವರಿನಲ್ಲಿ ಐದು ನೋಬಾಲ್ ಎಸೆದ. ಅವನಿಗೆ ಆಗ ಹದಿಮೂರೂವರೆ ವರ್ಷ. ಹಿಂದಿನ ಇಡೀ ಋತುವಿನಲ್ಲಿ ಅವನು ಎಸೆದ ನೋಬಾಲ್‌ಗಳನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಗುರುತು ಹಾಕಿದ ಜಾಗದಿಂದಲೇ ಓಡಿ ಬರುತ್ತಿದ್ದ, ಹೆಜ್ಜೆಗಳೂ ಅದೇ ಹದಿನಾಲ್ಕು. ಆದರೂ ಮುಂಗಾಲು ಗೆರೆ ದಾಟಿ ಎಲ್ಲೋ ಬೀಳುತ್ತಿತ್ತು. ಅದನ್ನು ಸರಿಪಡಿಸಲು ಹೋಗಿ ಕೊನೆಯ ಹೆಜ್ಜೆ ಕುಗ್ಗಿಸಿದರೆ ಚೆಂಡು ಬ್ಯಾಟ್ಸ್‌ಮನ್ ಕಾಲಬುಡಕ್ಕೆ ಹೋಗುತ್ತಿತ್ತು. ಬೇಲಿಯಾಚೆ ನಿಂತಿದ್ದ ಅವನ ಅಪ್ಪನಿಗೆ ತಾಳ್ಮೆ ತಪ್ಪಿತು. "ತೆಂಗಿನ ಮರದಂಗೆ ಬೆಳ್ದವ್ನೆ ಸಾರ್, ಗಮನ ಮಾತ್ರ ಎಲ್ಲೈತೋ!" ಎಂದರು.

ಅಪ್ಪ ಬೈಗುಳವೆಂದು ಆಡಿದ ಮಾತಿನಲ್ಲೇ ಕಾರಣವೂ ಇತ್ತು. ಹುಡುಗ ನಿಜಕ್ಕೂ ತೆಂಗಿನ ಮರದಂತೆ ಬೆಳೆದಿದ್ದ. ಹೆಜ್ಜೆಯೊಂದು ನಾಲ್ಕು ಸೆಂಟಿಮೀಟರ್ ಉದ್ದವಾದರೆ ಹದಿನಾಲ್ಕು ಹೆಜ್ಜೆಗೆ 56 ಸೆಂಟಿಮೀಟರ್ ಆಗುತ್ತದೆ. ಹಳೆಯ ಗುರುತಿನಿಂದ ಓಡಿ ಬಂದರೆ ಕಾಲು ಗೆರೆ ದಾಟಲೇಬೇಕು. ಗಮನಕ್ಕೂ ಅದಕ್ಕೂ ಸಂಬಂಧವಿಲ್ಲ.

ನಾನು ಮೈಸೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುತ್ತಿದ್ದೇನೆ. ಜಾವಗಲ್ ಶ್ರೀನಾಥ್ ಹುಟ್ಟಿದ ಊರಿದು. ಇಲ್ಲಿ ಉದ್ದನೆಯ ಹುಡುಗ ಕಂಡರೆ ಸಾಕು, ಯಾರಾದರೂ ಅವನ ಕೈಗೆ ಹೊಸ ಚೆಂಡು ಕೊಟ್ಟೇ ಕೊಡುತ್ತಾರೆ. ನಾನೂ ಕೊಟ್ಟಿದ್ದೇನೆ. ಹಲವು ವರ್ಷಗಳ ಹಿಂದೆ ಹಾಗೆ ಕೊಟ್ಟ ಒಬ್ಬ ಹುಡುಗ ಹದಿನಾಲ್ಕರ ಹೊತ್ತಿಗೆ ಲಯ ಕಳೆದುಕೊಂಡ. ಅಭ್ಯಾಸ ಸಾಲದು ಎಂದು ನಾನು ಇನ್ನಷ್ಟು ಚೆಂಡು ಎಸೆಸಿದೆ. ಸೊಂಟದ ಮೇಲೆ ಎಡಗಡೆ ನೋವು ಎಂದಾಗ ಮುಲಾಮು ಹಚ್ಚಿಕೊಳ್ಳಲು ಹೇಳಿದೆ. ಮೂರು ತಿಂಗಳಾದ ಮೇಲೆ ಎಂಆರ್‌ಐ ಮಾಡಿಸಿದಾಗ ಕೆಳಬೆನ್ನಿನ ಕೊನೆಯ ಮಣಿಯಲ್ಲಿ ಬಿರುಕು ಕಂಡಿತು. ಅವನು ಮತ್ತೆ ಆಡಿದ, ಆದರೆ ವೇಗದ ಬೌಲಿಂಗ್ ಮಾಡಲಿಲ್ಲ. ಆ ಸೋಲು ಅವನದಲ್ಲ, ನನ್ನದು. ಅಂದಿನಿಂದ ನನ್ನಲ್ಲಿಗೆ ಬರುವ ಪ್ರತಿ ಮಗುವಿನ ಎತ್ತರವನ್ನೂ ಮೂರು ತಿಂಗಳಿಗೊಮ್ಮೆ ಅಳೆದು ಪುಸ್ತಕವೊಂದರಲ್ಲಿ ಬರೆದಿಡುತ್ತೇನೆ. ನೋಬಾಲ್ ಹುಡುಗನ ಕಥೆಯನ್ನು ಇಷ್ಟು ವಿವರವಾಗಿ ಹೇಳಲು ಸಾಧ್ಯವಾಗಿರುವುದು ಆ ಪುಸ್ತಕದಿಂದಲೇ.

ಮಕ್ಕಳು ಒಂದೇ ಸಮನೆ ಬೆಳೆಯುವುದಿಲ್ಲ ಎಂಬುದನ್ನು ಮೊದಲು ಅಂಕಿಗಳಲ್ಲಿ ಹಿಡಿದದ್ದು ಕೋಚ್‌ಗಳೂ ಅಲ್ಲ, ಕ್ರೀಡಾ ವೈದ್ಯರೂ ಅಲ್ಲ. ಫ್ರಾನ್ಸಿನ ಮೊಂಬೆಯಾರ್ ಎಂಬ ಶ್ರೀಮಂತ 1759ರಲ್ಲಿ ಹುಟ್ಟಿದ ತನ್ನ ಮಗನನ್ನು 1777ರವರೆಗೆ, ಸುಮಾರು ಆರು ತಿಂಗಳಿಗೊಮ್ಮೆ ಅಳೆಯುತ್ತ ಹೋದ. ಅವನ ಗೆಳೆಯ, ಪ್ರಕೃತಿ ವಿಜ್ಞಾನಿ ಬುಫೊನ್ ಆ ಲೆಕ್ಕವನ್ನು ಅಚ್ಚು ಹಾಕಿಸಿದ. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಜೇಮ್ಸ್ ಟ್ಯಾನರ್ ಬೆಳವಣಿಗೆಯ ಬಗ್ಗೆ ಬರೆಯುವಾಗ ಅದೇ ಮಗನ ಅಂಕಿಗಳನ್ನು ಬಳಸಿದರು. ಎತ್ತರವನ್ನು ಗೆರೆಯಾಗಿ ಎಳೆದರೆ ಏರುತ್ತ ಹೋಗುವ ರೇಖೆಯಷ್ಟೇ ಕಾಣುತ್ತದೆ. ಪ್ರತಿ ವರ್ಷ ಎಷ್ಟು ಬೆಳೆದ ಎಂಬುದನ್ನು ಎಳೆದರೆ ಶೈಶವದಿಂದ ಇಳಿಯುತ್ತ ಬಂದ ಗೆರೆ ಹದಿಹರೆಯದಲ್ಲಿ ಒಮ್ಮೆಲೇ ಗುಡ್ಡದಂತೆ ಏಳುತ್ತದೆ. ನಮ್ಮ ಕ್ರಿಕೆಟ್ ಅಪ್ಪ ಅಮ್ಮಂದಿರಿಗೆ ಟ್ಯಾನರ್ ಹೆಸರು ಇನ್ನೊಂದು ರೀತಿಯಲ್ಲಿ ಹತ್ತಿರವಾದದ್ದು. ವಯಸ್ಸಿನ ಮೋಸ ಹಿಡಿಯಲೆಂದು ಮಕ್ಕಳ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ನೋಡುವ "ಬೋನ್ ಟೆಸ್ಟ್" ಅವರ ಮತ್ತು ವೈಟ್‌ಹೌಸ್ ಅವರ ವಿಧಾನ. ಆ ಪರೀಕ್ಷೆಗೆ ಹೆದರುವ ನಾವು ಅದು ಹೇಳುವ ಇನ್ನೊಂದು ಸಂಗತಿಯನ್ನು ಕೇಳಿಸಿಕೊಳ್ಳುವುದೇ ಇಲ್ಲ. ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರ ಮೂಳೆಗಳ ವಯಸ್ಸಿನಲ್ಲಿ ಎರಡು ಮೂರು ವರ್ಷದ ಅಂತರ ಇರಬಹುದು. ಅಂಡರ್ 14 ಎಂಬ ಒಂದೇ ಹಗ್ಗದಲ್ಲಿ ಅವರಿಬ್ಬರನ್ನೂ ಕಟ್ಟಿ ಒಂದೇ ತರಬೇತಿ ಕೊಡುತ್ತೇವೆ.

ಬೆಳವಣಿಗೆಯ ಆ ಗುಡ್ಡ ಹುಡುಗಿಯರಲ್ಲಿ ಸಾಮಾನ್ಯವಾಗಿ ಹನ್ನೆರಡರ ಆಸುಪಾಸು, ಹುಡುಗರಲ್ಲಿ ಹದಿಮೂರೂವರೆ ಹದಿನಾಲ್ಕರ ಆಸುಪಾಸು ಬರುತ್ತದೆ. ನೆತ್ತಿ ಮುಟ್ಟಿದಾಗ ಹುಡುಗಿಯರು ವರ್ಷಕ್ಕೆ ಎಂಟು, ಹುಡುಗರು ಒಂಬತ್ತು ಒಂಬತ್ತೂವರೆ ಸೆಂಟಿಮೀಟರ್ ವೇಗದಲ್ಲಿ ಬೆಳೆಯುತ್ತಿರುತ್ತಾರೆ. ಇದು ಸರಾಸರಿಯ ಮಾತು. ಮುಖ್ಯವಾದದ್ದು ಬೇರೆಯೇ ಇದೆ. ದೇಹದ ಎಲ್ಲ ಭಾಗವೂ ಒಟ್ಟಿಗೆ ಬೆಳೆಯುವುದಿಲ್ಲ. ಮೊದಲು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ. ಮನೆಯವರು ಇದನ್ನು ಬೇರೆ ಹೆಸರಿನಲ್ಲಿ ಬಲ್ಲರು: ಮೊದಲು ಶೂ ಬಿಗಿಯಾಗುತ್ತದೆ, ಆಮೇಲೆ ಪ್ಯಾಂಟು ಕಣಕಾಲಿನ ಮೇಲೆ ನಿಲ್ಲುತ್ತದೆ, ಅಂಗಿ ಗಿಡ್ಡವಾಗುವುದು ಇನ್ನೂ ತಡವಾಗಿ. ನೋವೂ ಇದೇ ಮೆಟ್ಟಿಲು ಹತ್ತುತ್ತದೆ. ಮೊದಲು ಹಿಮ್ಮಡಿ, ಆಮೇಲೆ ಮಂಡಿ, ಕೊನೆಗೆ ಸೊಂಟ ಮತ್ತು ಬೆನ್ನು. ಎಲ್ಲರಲ್ಲೂ ಹೀಗೇ ಆಗುತ್ತದೆಂದಲ್ಲ. ಆದರೆ ಓಡುವ, ಜಿಗಿಯುವ, ಎಸೆಯುವ ಮಗುವಿನಲ್ಲಿ ಈ ಕ್ರಮವನ್ನು ತಿಳಿದಿದ್ದವರು ಮುಂದಿನ ಮೆಟ್ಟಿಲನ್ನು ಮೊದಲೇ ಕಾಯಬಹುದು.

ನಮ್ಮ ಹುಡುಗನ ಲೆಕ್ಕ ಹೀಗಿತ್ತು. ಶಾಲೆ ಶುರುವಾದ ಜೂನ್‌ನಲ್ಲಿ ಅವನ ಎತ್ತರ 150.2 ಸೆಂಟಿಮೀಟರ್. ಸೆಪ್ಟೆಂಬರ್‌ನಲ್ಲಿ 151.8. ಮೂರು ತಿಂಗಳಲ್ಲಿ 1.6, ಅಂದರೆ ವರ್ಷಕ್ಕೆ 6.4ರ ವೇಗ. ಹೆಚ್ಚಾಗಿ ಕಾಣಲಿಲ್ಲ. ಆದರೆ ಮೇ ತಿಂಗಳಲ್ಲಿ 6ನೇ ನಂಬರಿನ ಶೂ ಹಾಕುತ್ತಿದ್ದವನು ದಸರೆ ಹೊತ್ತಿಗೆ 8ಕ್ಕೆ ಬಂದಿದ್ದ. ನಡುವೆ ಆಗಸ್ಟ್‌ನಲ್ಲಿ ಎರಡೂ ಹಿಮ್ಮಡಿ ನೋಯುತ್ತದೆ ಎಂದಿದ್ದ. ಹೊಸ ಸ್ಪೈಕ್ಸ್ ಕಚ್ಚುತ್ತಿರಬೇಕೆಂದು ನಾನು ಸುಮ್ಮನಾದೆ. ಟೇಪು ಪಾದವನ್ನು ಅಳೆಯುವುದಿಲ್ಲ, ಆದ್ದರಿಂದ ಶೂ ನಂಬರನ್ನೂ ಪುಸ್ತಕದಲ್ಲಿ ಬರೆಯಬೇಕು ಎಂಬುದು ಅವನಿಂದ ಕಲಿತದ್ದು.

ಹಿಮ್ಮಡಿಯ ಆ ನೋವಿಗೆ ಬಾಸ್ಟನ್ನಿನ ವೈದ್ಯ ಸೀವರ್ 1912ರಲ್ಲಿ ವಿವರಣೆ ಬರೆದ. ಅದಕ್ಕೂ ಮೊದಲು, 1903ರಲ್ಲಿ, ಬಾಸ್ಟನ್ನಿನ ಆಸ್‌ಗುಡ್ ಮತ್ತು ಜ್ಯೂರಿಕ್‌ನ ಷ್ಲಾಟರ್ ಮಂಡಿಯ ನೋವಿನ ಬಗ್ಗೆ ಬೇರೆ ಬೇರೆಯಾಗಿ ಬರೆದಿದ್ದರು. ಎರಡರ ಮೂಲವೂ ಒಂದೇ ಬಗೆಯದು. ಬೆಳೆಯುವ ಮೂಳೆಯಲ್ಲಿ ದೊಡ್ಡ ಸ್ನಾಯುವಿನ ಹುರಿ ಬಂದು ಅಂಟುವ ಜಾಗ ಇನ್ನೂ ಗಟ್ಟಿ ಮೂಳೆಯಾಗಿರುವುದಿಲ್ಲ, ಎಳೆ ಮೂಳೆಯಾಗಿರುತ್ತದೆ. ಮೀನಖಂಡ ಹಿಮ್ಮಡಿಯನ್ನು ಎಳೆಯುತ್ತದೆ. ತೊಡೆಯ ಮುಂಭಾಗದ ಸ್ನಾಯು ಮಂಡಿಚಿಪ್ಪಿನ ಮೂಲಕ ಮೊಣಕಾಲಿನ ಕೆಳಗಿರುವ ಸಣ್ಣ ಉಬ್ಬನ್ನು ಎಳೆಯುತ್ತದೆ. ಪ್ರತಿ ಜಿಗಿತಕ್ಕೂ, ಓಡುತ್ತ ಓಡುತ್ತ ತಟ್ಟನೆ ನಿಂತದ್ದಕ್ಕೂ ಒಂದು ಎಳೆತ. ದೊಡ್ಡವರಲ್ಲಾದರೆ ಹುರಿ ನೋಯುತ್ತದೆ, ಮಕ್ಕಳಲ್ಲಿ ಹುರಿ ಅಂಟಿದ ನೆಲವೇ ಕೆರಳುತ್ತದೆ.

ಡಿಸೆಂಬರ್‌ನ ಆ ಶನಿವಾರ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಎಡ ಮಂಡಿಚಿಪ್ಪಿನ ಎರಡು ಬೆರಳು ಕೆಳಗೆ ಒತ್ತಿದೆ. ಹುಡುಗ ಕಾಲು ಎಳೆದುಕೊಂಡ. "ಎಷ್ಟು ದಿನದಿಂದ ಕಣೋ?" ಎಂದೆ. "ದೀಪಾವಳಿಯಿಂದ ಸರ್. ಟೀಮಿಂದ ತೆಗೀತೀರಾ ಅಂತ ಹೇಳ್ಲಿಲ್ಲ" ಎಂದ. ಬಲಗೈ ಬೌಲರ್‌ಗೆ ಎಸೆಯುವಾಗ ಮೈಭಾರವೆಲ್ಲ ಬೀಳುವುದು ಎಡಗಾಲಿನ ಮೇಲೆ, ನೋವೂ ಅದೇ ಕಾಲಿನಲ್ಲಿತ್ತು. ಅಂದೇ ಗೋಡೆಗೆ ನಿಲ್ಲಿಸಿ ಅಳೆದೆವು. 154.4. ಮೂರು ತಿಂಗಳಲ್ಲಿ 2.6 ಸೆಂಟಿಮೀಟರ್, ವರ್ಷದ ವೇಗಕ್ಕೆ ತಿರುಗಿಸಿದರೆ 10.4.

ಅಳತೆಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಲ್ಲಿ ಎಡವಿದರೆ ಮುಂದಿನದೆಲ್ಲ ಹಾಳು. ಬರಿಗಾಲಲ್ಲಿ ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಬೇಕು. ನೋಟ ನೇರ ಮುಂದಕ್ಕೆ. ಉಸಿರು ಒಳಗೆಳೆದು ನಿಂತಾಗ ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ನೆತ್ತಿಗೆ ತರಬೇಕು. ಬೆಳಿಗ್ಗೆ ಅಳೆದರೆ ಪ್ರತಿ ಸಲವೂ ಬೆಳಿಗ್ಗೆಯೇ ಅಳೆಯಬೇಕು. ದಿನವೆಲ್ಲ ಓಡಾಡಿ ಬೆನ್ನುಮಣಿಗಳ ನಡುವಿನ ಮೆತ್ತೆಗಳು ಅಮುಕಿಕೊಳ್ಳುವುದರಿಂದ ಸಂಜೆಗೆ ಎತ್ತರ ಸುಮಾರು ಒಂದು ಸೆಂಟಿಮೀಟರ್ ಇಳಿಯಬಹುದು. ಎರಡು ಸಲ ಅಳೆದು, ಎರಡಕ್ಕೂ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಬೇಕು. ಪ್ರತಿ ತಿಂಗಳೂ ಅಳೆದು ಲೆಕ್ಕ ಹಾಕಿದರೆ ಅಳತೆಯ ತಪ್ಪೇ ಬೆಳವಣಿಗೆಯಂತೆ ಕಾಣುತ್ತದೆ, ಹಾಗಾಗಿ ಮೂರು ತಿಂಗಳ ಅಂತರ ಇಟ್ಟುಕೊಳ್ಳುತ್ತೇನೆ. ಎಷ್ಟಾದರೆ ಹೆಚ್ಚು ಎಂಬುದಕ್ಕೆ ನಾನು ಹಿಡಿದಿರುವ ಗೆರೆ ಡಚ್ ಫುಟ್‌ಬಾಲ್ ಹುಡುಗರ ಮೇಲೆ ನಡೆದ ಅಧ್ಯಯನದ್ದು. ತಿಂಗಳಿಗೆ 0.6 ಸೆಂಟಿಮೀಟರ್‌ಗಿಂತ ವೇಗವಾಗಿ ಬೆಳೆಯುತ್ತಿದ್ದ ಹುಡುಗರು ಹೆಚ್ಚು ಗಾಯಗೊಂಡಿದ್ದರು. ಮೂರು ತಿಂಗಳಿಗೆ ಅದು 1.8. ಇದು ಕಲ್ಲಲ್ಲಿ ಕೊರೆದ ಗೆರೆಯಲ್ಲ, ಆದರೆ ಅದನ್ನು ದಾಟಿದ ಮಗುವಿನ ತರಬೇತಿಯನ್ನು ಒಮ್ಮೆ ತೆರೆದು ನೋಡಲು ಸಾಕಷ್ಟು ಕಾರಣ.

ಕುಳಿತ ಎತ್ತರವನ್ನೂ ಅಳೆಯುತ್ತೇನೆ. ಗೋಡೆಗೆ ಒತ್ತಿದ ಸ್ಟೂಲಿನ ಮೇಲೆ ನೆಟ್ಟಗೆ ಕೂರಿಸಿ ಅಳೆದು, ಸ್ಟೂಲಿನ ಎತ್ತರ ಕಳೆದರೆ ಮುಂಡ ಮತ್ತು ತಲೆ ಸಿಗುತ್ತದೆ. ಉಳಿದದ್ದು ಕಾಲು. ಜೂನ್‌ನಿಂದ ಡಿಸೆಂಬರ್‌ವರೆಗೆ ಹುಡುಗ ಒಟ್ಟು 4.2 ಸೆಂಟಿಮೀಟರ್ ಬೆಳೆದಿದ್ದ. ಅದರಲ್ಲಿ ಕಾಲಿನ ಪಾಲು 2.7, ಮುಂಡದ್ದು 1.5. ಅಂದರೆ ಅವನು ಇನ್ನೂ ಎರಡನೆಯ ಮೆಟ್ಟಿಲಿನಲ್ಲಿದ್ದ. ಬೆನ್ನಿನ ಸರದಿ ಮುಂದೆ ಬರಲಿತ್ತು.

ಇನ್ನು ಲಯ ತಪ್ಪುವ ಮಾತು. ಮಾವಿನಕಾಯಿ ಕೀಳುವ ದೋಟಿ ಹಿಡಿದವರಿಗೆ ಇದು ಗೊತ್ತು. ಕೈಗೆ ಒಗ್ಗಿದ ದೋಟಿಗೆ ಇನ್ನೊಂದು ಮೊಳ ಬಿದಿರು ಕಟ್ಟಿದರೆ ತೂಕ ಹೆಚ್ಚಿದ್ದು ಸ್ವಲ್ಪವೇ, ತಿರುಗಿಸುವ ಕಷ್ಟ ಮಾತ್ರ ಬಹಳ. ಕಾಲೂ ಹಾಗೆಯೇ. ದಪ್ಪ ಅಷ್ಟೇ ಇದ್ದು ಉದ್ದ ಮಾತ್ರ ಶೇ 6ರಷ್ಟು ಹೆಚ್ಚಿದರೂ ಅದನ್ನು ಸೊಂಟದಿಂದ ಬೀಸುವ ಶ್ರಮ ಸುಮಾರು ಶೇ 19ರಷ್ಟು ಹೆಚ್ಚುತ್ತದೆ. ಆ ಶ್ರಮಕ್ಕೆ ಬೇಕಾದ ಮಾಂಸಖಂಡ ಎತ್ತರದ ಹಿಂದೆ ಕೆಲವು ತಿಂಗಳು ತಡವಾಗಿ ಬರುತ್ತದೆ. ಮಿದುಳು ಇನ್ನೂ ಹಳೆಯ ಕಾಲಿನ ಅಂದಾಜಿನಲ್ಲೇ ಆಜ್ಞೆ ಕೊಡುತ್ತಿರುತ್ತದೆ. ಇಟಲಿಯ ಬೊಲೋನ್ಯಾದ ಸಂಶೋಧಕರು ಹದಿನೈದರ ಹುಡುಗರನ್ನು ಸುಮ್ಮನೆ ನಡೆಸಿ ನೋಡಿದ್ದಾರೆ. ಮೂರು ತಿಂಗಳಲ್ಲಿ ಮೂರು ಸೆಂಟಿಮೀಟರ್ ಮೀರಿ ಬೆಳೆದವರ ನಡಿಗೆಯ ನಯ ಮತ್ತು ಏಕರೂಪತೆ ಒಂದು ಸೆಂಟಿಮೀಟರ್ ಕೂಡ ಬೆಳೆಯದವರಿಗಿಂತ ಬೇರೆಯಾಗಿತ್ತು. ನಡಿಗೆಯಲ್ಲೇ ಹೀಗಾದರೆ ಹದಿನಾಲ್ಕು ಹೆಜ್ಜೆ ಓಡಿ, ಜಿಗಿದು, ಒಂದು ಕಾಲಲ್ಲಿ ಇಳಿದು ಚೆಂಡು ಬಿಡುವ ಕೆಲಸದ ಪಾಡೇನು? ಎಲ್ಲ ಮಕ್ಕಳಿಗೂ ಹೀಗಾಗುತ್ತದೆಂದು ಹೇಳಲಾಗದು. ಕೆಲವರು ಬೆಳೆಯುತ್ತಲೇ ಇನ್ನಷ್ಟು ಚೆನ್ನಾಗಿ ಆಡುತ್ತಾರೆ. ಲಯ ತಪ್ಪಿದವರಲ್ಲೂ ಅದು ಕೆಲವು ತಿಂಗಳ ಮಾತು. ಆ ತಿಂಗಳುಗಳಲ್ಲಿ ತಂಡದಿಂದ ಬಿಟ್ಟರೆ, ಬೈದರೆ, ಅಥವಾ ನಾನು ಹಿಂದೆ ಮಾಡಿದಂತೆ ಇನ್ನೂ ಎಸೆಸಿದರೆ ಕೆಡುಕು ಶುರುವಾಗುತ್ತದೆ.

ಇನ್ನೊಂದು ಮರೆಯ ಸಂಗತಿಯೂ ಇದೆ. ಮೂಳೆ ಮೊದಲು ಉದ್ದವಾಗುತ್ತದೆ, ಅದರೊಳಗೆ ಸುಣ್ಣದಂಶ ತುಂಬುವುದು ಆಮೇಲೆ. ಕೆನಡಾದ ಸಸ್ಕಾಚೆವಾನ್‌ನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆದಾಗ ಎತ್ತರದ ವೇಗ ನೆತ್ತಿ ಮುಟ್ಟಿದ ಮೇಲೆ ಮೂಳೆ ತುಂಬುವ ವೇಗ ನೆತ್ತಿ ಮುಟ್ಟಲು ಹೆಚ್ಚುಕಮ್ಮಿ ಎಂಟು ತಿಂಗಳು ಬೇಕಾಯಿತು. ಹೊಸದಾಗಿ ಕಟ್ಟಿದ ಗೋಡೆಗೆ ನೀರುಣಿಸುವ ಅವಧಿಯಂಥದು ಅದು. ಮಕ್ಕಳು ಬಿದ್ದು ಮಣಿಕಟ್ಟು ಮುರಿದುಕೊಳ್ಳುವುದು ಅತಿ ಹೆಚ್ಚಾಗುವುದೂ ಇದೇ ವಯಸ್ಸಿನಲ್ಲಿ.

ಹಾಗಾದರೆ ಏನು ಮಾಡಿದೆವು? ಮೊದಲ ಕೆಲಸ ಎಣಿಕೆ. ನನ್ನ ನೆಟ್ಸ್‌ನಲ್ಲಿ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎಂಟು ಓವರ್. ಶಾಲೆಯ ತಂಡದಲ್ಲಿ ಎರಡು ದಿನ, ಆರಾರು ಓವರ್. ಭಾನುವಾರದ ಪಂದ್ಯದಲ್ಲಿ ಎಂಟು. ಒಟ್ಟು 312 ಚೆಂಡು. ನನಗೆ ಗೊತ್ತಿದ್ದದ್ದು 192 ಮಾತ್ರ. ಶಾಲೆಯ ಮೇಷ್ಟ್ರಿಗೆ ತಮ್ಮದಷ್ಟೇ ಗೊತ್ತಿತ್ತು. ಎಲ್ಲ ಲೆಕ್ಕವೂ ಗೊತ್ತಿದ್ದದ್ದು ಆ ಮಂಡಿಯೊಂದಕ್ಕೇ. ನಮ್ಮ ಊರುಗಳಲ್ಲಿ ಮಿತಿ ಮೀರುವುದು ಹೆಚ್ಚಾಗಿ ಹೀಗೆಯೇ. ಯಾರೊಬ್ಬರೂ ಅತಿ ಮಾಡುವುದಿಲ್ಲ, ಎಲ್ಲರದೂ ಸೇರಿ ಅತಿಯಾಗುತ್ತದೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 13 ವರ್ಷದವರೆಗಿನ ವೇಗದ ಬೌಲರ್‌ಗಳಿಗೆ ಒಂದು ಸ್ಪೆಲ್‌ಗೆ 5, ದಿನಕ್ಕೆ 10 ಓವರ್ ಎಂದು ಮಿತಿ ಹಾಕಿತ್ತು. ನಮ್ಮ ಹುಡುಗ ಯಾವ ದಿನವೂ ಆ ಹತ್ತನ್ನು ದಾಟಿರಲಿಲ್ಲ. ಆದರೆ ವಾರದಲ್ಲಿ ಒಂದು ದಿನವೂ ಬಿಡುವಿರಲಿಲ್ಲ. ವಯಸ್ಸು ನೋಡಿ ಹಾಕಿದ ಮಿತಿ ಬೆಳವಣಿಗೆಯ ವೇಗವನ್ನು ನೋಡುವುದಿಲ್ಲ.

ಆರು ವಾರ ಅವನು ವಾರಕ್ಕೆ ಮೂರೇ ದಿನ, ದಿನ ಬಿಟ್ಟು ದಿನ, 24 ಚೆಂಡು ಎಸೆದ. ಆರು ಹೆಜ್ಜೆಯ ಓಟ, ಅರ್ಧ ವೇಗ. ಪಂದ್ಯಗಳಲ್ಲಿ ಬ್ಯಾಟಿಂಗ್ ಮತ್ತು ಸ್ಲಿಪ್ ಫೀಲ್ಡಿಂಗ್ ಮಾತ್ರ. ಪೂರ್ತಿ ಮನೆಯಲ್ಲಿ ಕೂರಿಸಲಿಲ್ಲ. ಪೂರ್ತಿ ಬಿಟ್ಟರೆ ಮಾಂಸಖಂಡ ಇನ್ನೂ ಸೊರಗುತ್ತದೆ, ಹೊಸ ಕಾಲನ್ನು ಮಿದುಳಿಗೆ ಪರಿಚಯಿಸುವ ಕೆಲಸವೂ ನಿಲ್ಲುತ್ತದೆ. ನಿಲ್ಲಿಸಿದ್ದು ಬೇರೆ ಕೆಲವನ್ನು. ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಓಡಿ ಇಳಿಯುವುದು ಇಲ್ಲಿನ ಕ್ರೀಡಾ ಹುಡುಗರ ಹಳೆಯ ರೂಢಿ. ಹತ್ತುವುದರಿಂದ ಆಗುವ ತೊಂದರೆ ಕಡಿಮೆ. ಇಳಿಯುವಾಗ ಮಾತ್ರ ಪ್ರತಿ ಮೆಟ್ಟಿಲಿಗೂ ತೊಡೆಯ ಸ್ನಾಯು ಮೈಭಾರವನ್ನು ತಡೆದು ನಿಲ್ಲಿಸಬೇಕು, ಆ ಎಳೆತವೆಲ್ಲ ಬೀಳುವುದು ಅದೇ ಉಬ್ಬಿನ ಮೇಲೆ. ಕಪ್ಪೆ ಜಿಗಿತವನ್ನೂ ಬಿಡಿಸಿದೆವು. ಹಿಮ್ಮಡಿಯನ್ನು ಪೃಷ್ಠಕ್ಕೆ ಒತ್ತಿ ತೊಡೆ ಎಳೆಯುವ ಸ್ಟ್ರೆಚ್ ಅನ್ನು ಅವನು ದಿನಕ್ಕೆ ಮೂರು ಸಲ ಮಾಡುತ್ತಿದ್ದ, ಒಳ್ಳೆಯದಾಗಲಿ ಎಂದೇ. ಕೆರಳಿದ ಜಾಗವನ್ನು ಅದು ಇನ್ನಷ್ಟು ಎಳೆಯುತ್ತಿತ್ತು. ಅದನ್ನೂ ನಿಲ್ಲಿಸಿದೆವು.

ಅವುಗಳ ಜಾಗಕ್ಕೆ ಗೋಡೆಗೆ ಒರಗಿ ಕುರ್ಚಿಯ ಮೇಲೆ ಕೂತಂತೆ ನಿಲ್ಲುವುದು ಬಂತು. ಮೊದಲ ವಾರ ಮಂಡಿ ಸ್ವಲ್ಪವೇ ಮಡಚಿ ಮೂವತ್ತು ಸೆಕೆಂಡು, ಆಮೇಲಾಮೇಲೆ ಇನ್ನೂ ಕೆಳಕ್ಕೆ. ಆಮೇಲೆ ನಿಧಾನದ ಬಸ್ಕಿ, ಕೆಳಗಿಳಿಯಲು ಮೂರು ಎಣಿಕೆ. ಒಂದು ಕಾಲಲ್ಲಿ ನಿಂತು ಗೋಡೆಗೆ ಚೆಂಡು ಎಸೆದು ಹಿಡಿಯುವುದು. ಮಂಡಿನೋವು ಇಳಿದ ಮೇಲೆ ಒಂದು ಗೇಣು ಎತ್ತರದ ಕಟ್ಟೆಯಿಂದ ಸದ್ದಾಗದಂತೆ ಇಳಿದು ಮೂರು ಸೆಕೆಂಡು ಅಲುಗದೆ ನಿಲ್ಲುವುದು. ಅದನ್ನು ಬದಿಯಿಂದ ನೋಡದೆ ಎದುರಿನಿಂದ ನೋಡಬೇಕು. ಇಳಿದಾಗ ಮಂಡಿ ಒಳಕ್ಕೆ ವಾಲಿದರೆ ಎತ್ತರ ಇನ್ನೂ ಕಡಿಮೆ ಮಾಡಬೇಕು. ಹುಡುಗಿಯರಲ್ಲಿ ಈ ಒಳವಾಲು ಹೆಚ್ಚು ಕಾಣುತ್ತದೆ. ಖೋಖೋ, ಥ್ರೋಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿಯರ ಕೋಚ್‌ಗಳು ಹನ್ನೊಂದನೆಯ ವಯಸ್ಸಿನಲ್ಲೇ ಇದನ್ನು ಶುರು ಮಾಡಬೇಕು, ಹುಡುಗರ ವಯಸ್ಸಿಗೆ ಕಾದರೆ ತಡವಾಯಿತು.

ನೋವಿಗೂ ಒಂದು ಅಳತೆ ಇಟ್ಟೆವು. ಸೊನ್ನೆಯಿಂದ ಹತ್ತರೊಳಗೆ ಮೂರರವರೆಗಿನ ನೋವಿದ್ದರೆ ಆಟ ಮುಂದುವರಿಸಬಹುದು, ಆದರೆ ಮಾರನೆಯ ಬೆಳಿಗ್ಗೆಗೆ ಅದು ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ದಿನ ಹೆಚ್ಚಾಯಿತೆಂದು ಅರ್ಥ. ಆ ಸಂಖ್ಯೆಯನ್ನು ಅವನ ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಬರೆದರು. ನನ್ನ ಮುಂದೆ ಸುಳ್ಳು ಹೇಳುತ್ತಿದ್ದವನು ಅಮ್ಮನ ಮುಂದೆ ನಿಜ ಹೇಳುತ್ತಿದ್ದ. "ನೋವು ಜಾಸ್ತಿ ಅಂದ್ರೆ ಟೀಮಿಂದ ತೆಗೆಯಲ್ಲ, ಚೆಂಡು ಕಮ್ಮಿ ಮಾಡ್ತಾರೆ ಅಷ್ಟೇ ಅಂತ ನೀವೇ ಹೇಳಿ ಸರ್, ಆಗ ಹೇಳ್ತಾನೆ" ಎಂದು ದಾರಿ ತೋರಿಸಿದ್ದೂ ಅವರೇ. ಹೇಳಿದೆ. ಆಮೇಲೆ ಅಂಕಿಗಳು ಸರಿಯಾಗಿ ಬರತೊಡಗಿದವು.

ಎಲ್ಲ ನೋವನ್ನೂ "ಬೆಳೆಯೋ ನೋವು" ಎಂದು ಬಿಡುವಂತಿಲ್ಲ. ನಿದ್ದೆಯಿಂದ ಎಬ್ಬಿಸುವ, ಆಡಲಿ ಬಿಡಲಿ ಒಂದೇ ಜಾಗದಲ್ಲಿ ದಿನೇದಿನೇ ಹೆಚ್ಚುವ ನೋವು, ಊತ, ಜ್ವರ ಇದ್ದರೆ ವೈದ್ಯರು ನೋಡಲೇಬೇಕು, ಏಕೆಂದರೆ ಮೂಳೆಯ ಗಡ್ಡೆಗಳು ಅಪರೂಪವಾದರೂ ಹೆಚ್ಚಾಗಿ ಈ ವಯಸ್ಸಿನಲ್ಲಿ, ಮಂಡಿಯ ಸುತ್ತ ಬರುತ್ತವೆ. ಮಂಡಿ ನೋವೆಂದು ಕುಂಟುವ ಹುಡುಗನ ಮಂಡಿಯಲ್ಲಿ ಏನೂ ಕಾಣದಿದ್ದರೆ ಅವನ ತೊಡೆಸಂದನ್ನು ಪರೀಕ್ಷಿಸಬೇಕು. ಅಲ್ಲಿ ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಲ್ಲಿ ಜಾರಿರಬಹುದು. ಮೈ ತುಂಬಿದ ಹುಡುಗರಲ್ಲಿ ಇದು ಹೆಚ್ಚು, ಅದು ಒಂದು ದಿನವೂ ಕಾಯುವ ಕೆಲಸವಲ್ಲ.

ಜನವರಿ ಕೊನೆಗೆ ನೋವು ಎರಡಕ್ಕೆ ಇಳಿಯಿತು. ಚೆಂಡುಗಳನ್ನು ವಾರಕ್ಕೆ 108ಕ್ಕೆ ಏರಿಸಿದೆವು, ಅದರಲ್ಲಿ 36ಕ್ಕೆ ಮಾತ್ರ ಪೂರ್ತಿ ಓಟ. ಮಾರ್ಚ್ ಬರುವಷ್ಟರಲ್ಲಿ ನೋವು ಸೊನ್ನೆ. ಇಡೀ ವರ್ಷದ ಕಷ್ಟದ ತಿಂಗಳು ಅದೇ. ಹುಡುಗ ಎಸೆಯಲು ಹಾತೊರೆಯುತ್ತಿದ್ದ, ಅಪ್ಪ ದಿನಾ ಕೇಳುತ್ತಿದ್ದರು, ಬೇಸಿಗೆ ಟೂರ್ನಿಗಳು ಹತ್ತಿರವಿದ್ದವು. ಆದರೆ ಟೇಪು 156.9 ತೋರಿಸಿತು. ಮೂರು ತಿಂಗಳಲ್ಲಿ 2.5. ವೇಗ ಇನ್ನೂ ಹತ್ತರಲ್ಲೇ ಇತ್ತು, ಕುಳಿತ ಎತ್ತರ ಈಗ ಜೋರಾಗಿ ಏರತೊಡಗಿತ್ತು. ಡೆನ್ಮಾರ್ಕಿನಲ್ಲಿ ಇದೇ ಮಂಡಿನೋವಿನ 51 ಮಕ್ಕಳಿಗೆ ಚಟುವಟಿಕೆ ತಗ್ಗಿಸಿ, ತೊಡೆಗೆ ಬಲ ತುಂಬಿ ನೋಡಿದ ಅಧ್ಯಯನವೊಂದು ನನ್ನ ನೆನಪಿನಲ್ಲಿತ್ತು. ಹನ್ನೆರಡು ವಾರದಲ್ಲಿ ಶೇ 80 ಮಕ್ಕಳು ವಾಸಿ ಎಂದರು, ಆದರೆ ಅಷ್ಟರಲ್ಲಿ ಆಟಕ್ಕೆ ಮರಳಿದವರು ಶೇ 16 ಮಾತ್ರ. ಹಿತವೆನಿಸುವುದಕ್ಕೂ ಆಟಕ್ಕೆ ಸಿದ್ಧವಾಗುವುದಕ್ಕೂ ನಡುವೆ ತಿಂಗಳುಗಳಿವೆ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಆ ಹಳೆಯ ಹುಡುಗನ ಬೆನ್ನು. ಬಲಗೈ ಬೌಲರ್ ಚೆಂಡು ಬಿಡುವ ಹೊತ್ತಿಗೆ ಸೊಂಟ ಹಿಂದಕ್ಕೆ ಬಾಗಿ, ಎಡಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಎಡಗಾಲು ನೆಲಕ್ಕೆ ಬಡಿದ ಹೊಡೆತ ಅದೇ ಕ್ಷಣ ಮೇಲಕ್ಕೆ ಬರುತ್ತದೆ. ಕೆಳಬೆನ್ನಿನ ಮಣಿಯ ಹಿಂಬದಿಯ ತೆಳು ಸೇತುವೆಯಂಥ ಮೂಳೆ, ಹೆಚ್ಚಾಗಿ ಎಡಗಡೆಯದು, ಅದನ್ನು ತಾಳಿಕೊಳ್ಳಬೇಕು. ತಂತಿಯನ್ನು ಒಂದೇ ಜಾಗದಲ್ಲಿ ಬಗ್ಗಿಸಿ ಬಗ್ಗಿಸಿ ಮುರಿಯುವಂತೆ ಅಲ್ಲಿ ಬಿರುಕು ಬರುತ್ತದೆ. ಮೊದಲ ಹಂತದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೆ ಹೋಗಬಹುದು. ಎಂಆರ್‌ಐಯಲ್ಲಿ ಬಿರುಕಿಗೆ ಮೊದಲಿನ ಕೆರಳಿಕೆಯೂ ಕಾಣುತ್ತದೆ, ಆಗಲೇ ಹಿಡಿದರೆ ಮೂಳೆ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು. ಆದ್ದರಿಂದ ಬೆಳೆಯುತ್ತಿರುವ ವೇಗದ ಬೌಲರ್ ಸೊಂಟದ ಮೇಲೆ ಒಂದು ಬದಿಗೆ ಬೆರಳಿಟ್ಟು ಇಲ್ಲಿ ನೋವು, ಹಿಂದಕ್ಕೆ ಬಾಗಿದರೆ ಜಾಸ್ತಿ ಎಂದರೆ ಅಂದೇ ಬೌಲಿಂಗ್ ನಿಲ್ಲಬೇಕು. ಇಲ್ಲಿ ಮೂರರವರೆಗಿನ ನೋವು ಪರವಾಗಿಲ್ಲ ಎಂಬ ಮಂಡಿಯ ನಿಯಮ ನಡೆಯುವುದಿಲ್ಲ. ಒಂದೇ ಇದ್ದರೂ ನಿಲ್ಲಿಸಬೇಕು.

ಮಾರ್ಚ್‌ನಿಂದ ಜೂನ್‌ವರೆಗೆ 108 ಚೆಂಡನ್ನು ದಾಟಲಿಲ್ಲ. ಪಕ್ಕ ತಿರುಗಿ ಮೊಣಕೈ ಮೇಲೆ ಮೈ ಎತ್ತಿ ನಿಲ್ಲುವ ಪ್ಲ್ಯಾಂಕ್, ಸೊಂಟದಿಂದ ಬಾಗಿ ಭಾರ ಎತ್ತುವುದು ಸೇರಿದವು. ಅಪ್ಪನನ್ನು ಒಪ್ಪಿಸಲು ನನ್ನ ಮಾತು ಸಾಲಲಿಲ್ಲ. ಒಂದು ದಿನ ಪುಸ್ತಕ ತೆರೆದು ಅವರ ಮಗನ ಗೆರೆಯನ್ನು ತೋರಿಸಿದೆ, ಪಕ್ಕದಲ್ಲೇ ಆ ಹಳೆಯ ಹುಡುಗನ ಕಥೆ ಹೇಳಿದೆ. ಅವರು ಬಹಳ ಹೊತ್ತು ಗೆರೆಯನ್ನೇ ನೋಡಿ, "ಇದು ಇಳಿಯೋದು ಯಾವಾಗ ಸಾರ್?" ಎಂದರು. ಜೂನ್‌ನಲ್ಲಿ ಇಳಿಯಿತು. 158.6. ಮೂರು ತಿಂಗಳಲ್ಲಿ 1.7. ಆ ಆರು ತಿಂಗಳ 4.2ರಲ್ಲಿ ಮುಂಡದ ಪಾಲು 2.6, ಕಾಲಿನದು 1.6. ಹಿಂದಿನ ಅರ್ಧ ವರ್ಷದ ಲೆಕ್ಕ ತಲೆಕೆಳಗಾಗಿತ್ತು. ಮೂಳೆ ತುಂಬುವ ಕೆಲಸ ಇನ್ನೂ ಬಾಕಿಯಿದ್ದದ್ದರಿಂದ ಅಂದಿನಿಂದ ವಾರಕ್ಕೆ ಒಂದೊಂದು ಓವರ್ ಮಾತ್ರ ಏರಿಸಿದೆವು. ಮೂರು ವಾರ ಏರಿಸಿ ನಾಲ್ಕನೆಯ ವಾರ ನಿಂತಲ್ಲೇ ನಿಂತೆವು. ಸೆಪ್ಟೆಂಬರ್‌ನಲ್ಲಿ ಎತ್ತರ 159.8, ವರ್ಷದ ವೇಗ 4.8, ವಾರಕ್ಕೆ 162 ಚೆಂಡು. ಅದರ ಹಿಂದಿನ ವರ್ಷದ 312ಕ್ಕೆ ಅವನು ಮತ್ತೆ ಹೋಗಲೂ ಇಲ್ಲ, ಹೋಗುವ ಅಗತ್ಯವೂ ಕಾಣಲಿಲ್ಲ.

ಬೇಸಿಗೆಯ ಟೂರ್ನಿಗೆ ಅವನು ಬೌಲರ್ ಆಗಿ ಆಯ್ಕೆಯಾಗಲಿಲ್ಲ. ಅದರ ನೋವು ಅವನಿಗೆ ಮಂಡಿಯದಕ್ಕಿಂತ ಹೆಚ್ಚಾಗಿತ್ತು, ಅದನ್ನು ಮುಚ್ಚಿಡಲಾರೆ. ಓಟದ ಗುರುತನ್ನು ಹೊಸದಾಗಿ ಅಳೆದು ಹಾಕಿದ್ದು ಜುಲೈನಲ್ಲಿ. ಹಳೆಯ ಗುರುತಿಗಿಂತ ಒಂದೂವರೆ ಪಾದ ಹಿಂದೆ ಬಂತು. ಗುರುತು ಹಾಕಿ ಶೂ ಕಟ್ಟಿಕೊಳ್ಳಲು ಕೂತವನು ಎಡ ಮಂಡಿಯ ಕೆಳಗೆ ಉಳಿದುಕೊಂಡ ಗಂಟನ್ನು ಸವರುತ್ತ, "ಇದು ಹೋಗುತ್ತಾ ಸರ್?" ಎಂದು ಕೇಳಿದ. ನೋವು ಮತ್ತೆ ಬರದೇ ಇರಬಹುದು, ಆದರೆ ಗಂಟು ಹಾಗೇ ಉಳಿಯಬಹುದು ಕಣೋ, ಮಂಡಿಯೂರಿ ಕೂತಾಗ ಒತ್ತುತ್ತದೆ ಎಂದೆ. ಅವನು ಒಮ್ಮೆ ಮಂಡಿಯೂರಿ ನೋಡಿದ, ಮುಖ ಕಿವುಚಿದ, ಎದ್ದು ಹೊಸ ಗುರುತಿನ ಕಡೆ ನಡೆದ.